ಸಾಮಾನ್ಯ ದಿನದ ಪ್ರಬಂಧಕ್ಕೆ ಮೊದಲ ಸಾಲು, ಆಮೇಲೆ ಹೆಸರು

ಏನೂ ನಡೆಯದ ದಿನವೊಂದರ ಬಗ್ಗೆ ಬರೆದ ಪ್ರಬಂಧ ಹೆಚ್ಚಾಗಿ ಸೋಲುವುದು ಮೊದಲ ಸಾಲಿನಲ್ಲಿಯೇ. ಬರೆಯುವವರು ದಿನ ಶುರುವಾದ ಕಡೆಯಿಂದ ಪ್ರಬಂಧವನ್ನೂ ಶುರು ಮಾಡುತ್ತಾರೆ. ಎದ್ದದ್ದು, ಚಹಾ ಕುಡಿದದ್ದು, ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿದ್ದು ಎಲ್ಲವೂ ಸಾಲಾಗಿ ಬರುತ್ತವೆ, ಓದುಗನನ್ನು ನಿಲ್ಲಿಸುವಂಥದ್ದು ಮಾತ್ರ ನಾಲ್ಕನೆಯ ಪುಟದಲ್ಲೆಲ್ಲೋ ಕುಳಿತಿರುತ್ತದೆ. ಅದನ್ನು ಹುಡುಕಿ ಮುಂದಕ್ಕೆ ತರುವ ಬಗೆಯನ್ನು ಬಾಗಲಕೋಟೆಯ ನವನಗರದಲ್ಲಿ ನಡೆಯುವಂಥ ಒಂದು ಕಲ್ಪಿತ ಕರಡಿನ ಮೂಲಕ ನೋಡೋಣ.

ಮೊದಲು ಇಡೀ ದಿನವನ್ನು ನಡೆದ ಕ್ರಮದಲ್ಲಿಯೇ ಬರೆದು ಮುಗಿಸಬೇಕು. ಬರೆಯುವ ಮೊದಲೇ ಆಕರ್ಷಕ ಆರಂಭ ಹುಡುಕಲು ಕುಳಿತರೆ ಕೈಗೆ ಸಿಗುವುದು ಗಾದೆ, ಹವಾಮಾನ ಅಥವಾ ‘ನೀವು ಎಂದಾದರೂ ಯೋಚಿಸಿದ್ದೀರಾ’ ಎಂಬ ಪ್ರಶ್ನೆ. ಈ ಮೂರೂ ಯಾರ ಪ್ರಬಂಧಕ್ಕಾದರೂ ಹೊಂದುವುದರಿಂದ ನಿಮ್ಮದಕ್ಕೆ ಹೊಂದುವುದಿಲ್ಲ.

ಎರಡನೆಯದಾಗಿ, ಕರಡಿನಲ್ಲಿರುವ ಘಟನೆಗಳನ್ನು ಅಭಿಪ್ರಾಯ ಬೆರೆಸದೆ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಪಟ್ಟಿ ಮಾಡಿ, ಒಬ್ಬರು ನಿರೀಕ್ಷಿಸಿದ್ದು ಇನ್ನೊಬ್ಬರಿಂದ ಬಾರದೆ ಹೋದ ಜಾಗಕ್ಕೆ ಗುರುತು ಹಾಕಬೇಕು. ನಮ್ಮ ಕರಡಿನಲ್ಲಿ ಬೆಳಗಿನ ನಾಷ್ಟಾ, ಕರೆಂಟ್ ಬಿಲ್ ಕಟ್ಟಿದ್ದು, ಕಚೇರಿಯ ಊಟದ ಡಬ್ಬಿ, ಸಂಜೆ ಅವ್ವನೊಂದಿಗೆ ಕಾಯಿಪಲ್ಲೆ ತಂದದ್ದು ಇವೆ. ಗುರುತು ಬೀಳುವುದು ಒಂದಕ್ಕೇ. ಮಾರ್ಕೆಟ್ಟಿನಿಂದ ಮರಳುವಾಗ ಅವ್ವ ಟಂಟಂ ಹತ್ತಿ, ‘ನಮ್ಮ ಓಣಿಗೆ ನಡಿಯಪಾ’ ಎನ್ನುತ್ತಾಳೆ. ಚಾಲಕ, ‘ಯಾವ ಓಣಿ ಅವ್ವಾರ? ಸೆಕ್ಟರ್ ನಂಬರ್ ಹೇಳ್ರಿ’ ಎನ್ನುತ್ತಾನೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದ ಹಳೇ ಬಾಗಲಕೋಟೆಯ ಒಂದು ಭಾಗ ಮುಳುಗಡೆಯಾಯಿತು, ಅಲ್ಲಿಂದ ಎದ್ದು ಬಂದವರಿಗಾಗಿ ಕಟ್ಟಿದ ನವನಗರದಲ್ಲಿ ವಿಳಾಸವೆಂದರೆ ಸೆಕ್ಟರಿನ ಸಂಖ್ಯೆ. ಅವ್ವನ ಬಾಯಿಗೆ ಆ ಸಂಖ್ಯೆ ಇನ್ನೂ ಬಂದಿಲ್ಲ.

ಮೂರನೆಯ ಹೆಜ್ಜೆಯಲ್ಲಿ ತಾಳ್ಮೆ ಹೆಚ್ಚು ಬೇಕು, ಏಕೆಂದರೆ ಘಟನೆ ಸಿಕ್ಕರೂ ವಾಕ್ಯ ಒಮ್ಮೆಗೇ ಸಿಗುವುದಿಲ್ಲ. ‘ಮುಳುಗಿದ ಊರಿನ ನೆನಪು ಎಂದಿಗೂ ಮಾಸುವುದಿಲ್ಲ’ ಎಂದು ಶುರು ಮಾಡಿದರೆ ಅದು ತೀರ್ಪು. ಓದುಗ ತಲೆಯಾಡಿಸಿ ಪುಟ ತಿರುವುತ್ತಾನೆ. ‘ಅವ್ವ ಟಂಟಂ ಚಾಲಕನಿಗೆ ನೀರಿನಡಿಯ ವಿಳಾಸ ಕೊಟ್ಟಳು’ ಎಂಬುದು ಚುರುಕಾಗಿದೆ, ಆದರೆ ಗಂಟನ್ನು ಕಟ್ಟಿದ ಸಾಲಿನಲ್ಲಿಯೇ ಬಿಚ್ಚಿಬಿಡುತ್ತದೆ. ಅದರ ಜಾಣತನ ದಿನದ ಸಾಮಾನ್ಯತೆಯನ್ನೂ ನುಂಗುತ್ತದೆ ಎಂಬುದು ನನ್ನ ತಕರಾರು. ‘ಕಾಯಿಪಲ್ಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಅವ್ವ, ನಮ್ಮ ಓಣಿಗೆ ನಡಿಯಪಾ ಎಂದಳು; ಚಾಲಕ ತಿರುಗಿ ನನ್ನ ಮುಖ ನೋಡಿದ’ ಎಂದರೆ ಚೀಲವೂ ಉಳಿಯುತ್ತದೆ, ಚಾಲಕ ಯಾಕೆ ನೋಡಿದ ಎಂಬ ಪ್ರಶ್ನೆಯೂ ಹುಟ್ಟುತ್ತದೆ.

ಈ ಸಾಲು ನಿಂತ ಮೇಲೆ ಉಳಿದ ಕರಡನ್ನು ಅದರ ಮುಂದೆ ಹಿಡಿದು ನೋಡಬೇಕು. ಕರೆಂಟ್ ಬಿಲ್ ಮೇಲೆ ಸೆಕ್ಟರ್ ಮತ್ತು ಮನೆಯ ಸಂಖ್ಯೆ ಅಚ್ಚಾಗಿರುವುದರಿಂದ ಅದು ಉಳಿಯಬೇಕು, ಸ್ವಲ್ಪ ಹಿಗ್ಗಲೂಬೇಕು. ಊಟದ ಡಬ್ಬಿ ಎಷ್ಟೇ ಚೆನ್ನಾಗಿ ಬಂದಿದ್ದರೂ ಹೋಗಬೇಕು. ಇಂಥ ಯಾವ ಬದಲಾವಣೆಯೂ ಬೇಡವೆನಿಸಿದರೆ, ಮೊದಲ ಸಾಲು ಮೇಲಿಂದ ಅಂಟಿಸಿದ್ದು ಎಂದು ತಿಳಿದು ಮತ್ತೆ ಪಟ್ಟಿಗೆ ಮರಳಬೇಕು.

ಹೆಸರಿಡುವುದು ಎಲ್ಲಕ್ಕಿಂತ ಕೊನೆಗೆ. ‘ನನ್ನ ಒಂದು ದಿನ’ ಎಂಬುದು ಹೆಸರಲ್ಲ, ಶಾಲೆಯ ಪ್ರಶ್ನೆಪತ್ರಿಕೆಯ ಸಾಲು. ‘ಮುಳುಗಿದ ಊರು’ ಎಂದಿಟ್ಟರೆ ಓದುಗ ಅಣೆಕಟ್ಟಿನ ಇತಿಹಾಸವನ್ನು ನಿರೀಕ್ಷಿಸುತ್ತಾನೆ, ಕಾಯಿಪಲ್ಲೆ ಚೀಲ ಕಂಡು ಬೇಸರಪಡುತ್ತಾನೆ. ‘ನಮ್ಮ ಓಣಿ’ ಹತ್ತಿರ ಬಂದಿದೆ. ತೊಂದರೆಯೆಂದರೆ ಮೊದಲ ಸಾಲಿನ ಮಾತೇ ಮೇಲೆಯೂ ಬಂದು, ಒಂದೇ ಕಲ್ಲನ್ನು ಎರಡು ಸಲ ಎಸೆದಂತಾಗುತ್ತದೆ. ಹೆಸರು ಮತ್ತು ಮೊದಲ ಸಾಲು ಬೇರೆ ಬೇರೆ ಬಾಯಿಂದ ಬಂದರೆ ಒಳ್ಳೆಯದು. ಅವ್ವನ ಮಾತು ಆರಂಭದಲ್ಲಿ ಇರುವುದರಿಂದ ಚಾಲಕನ ‘ಸೆಕ್ಟರ್ ನಂಬರ್ ಹೇಳ್ರಿ’ ಎಂಬುದನ್ನೇ ಮೇಲಕ್ಕೆ ಎತ್ತಬಹುದು. ಆಗ ಆ ಮಾತು ಒಳಗೆ ಒಮ್ಮೆ ಮಾತ್ರ, ಮೊದಲ ಪ್ಯಾರಾ ದಾಟಿದ ಮೇಲೆ ಬರಬೇಕು. ಅದರ ಅರ್ಥವನ್ನು ಎಲ್ಲಿಯೂ ವಿವರಿಸಬಾರದು.

ಕೊನೆಗೆ ಹೆಸರನ್ನೂ ಮೊದಲ ಸಾಲನ್ನೂ ಈ ಕಡೆಯವರಲ್ಲದ ಒಬ್ಬರಿಗೆ ಓದಿ ಹೇಳಿ. ‘ಆಮೇಲೆ ನಿಮ್ಮವ್ವ ಏನಂದ್ರು?’ ಎಂದು ಕೇಳಿದರೆ ಹಾಗೆಯೇ ಬಿಡಿ. ‘ಸೆಕ್ಟರ್ ಅಂದರೇನು?’ ಎಂದು ಕೇಳಿದರೆ ಮೊದಲ ಸಾಲನ್ನು ಮುಟ್ಟದೆ, ಮೂರನೆಯ ಪ್ಯಾರಾದಲ್ಲಿ ಬಿಲ್ಲಿನ ಪ್ರಸ್ತಾಪ ಬರುವಲ್ಲಿ ನವನಗರದ ಬಗ್ಗೆ ಒಂದೇ ಒಂದು ವಾಕ್ಯ ಸೇರಿಸಿ.