ಸಾವಿರ ಕಂಬಳದ ಫೋಟೊಗಳಲ್ಲಿ ಸ್ಪರ್ಧೆಗೆ ಕಳಿಸುವುದು ಯಾವುದು?

ಒಂದು ಜೋಡಿ ಕೋಣ ಕರೆಯ, ಅಂದರೆ ಕೆಸರಿನ ಓಟದ ಹಾದಿಯ, ತುದಿ ಮುಟ್ಟಲು ಹನ್ನೆರಡು-ಹದಿಮೂರು ಸೆಕೆಂಡು ಸಾಕು. ಅದರಲ್ಲಿ ಓಟ ಮುಗಿಯುವ ಮಂಜೊಟ್ಟಿಯ ಬಳಿ ನಿಂತವನಿಗೆ ಕೆಲಸಕ್ಕೆ ಬರುವುದು ಕೊನೆಯ ಮೂರ್ನಾಲ್ಕು ಸೆಕೆಂಡು ಮಾತ್ರ. ಸೆಕೆಂಡಿಗೆ ಎಂಟು-ಹತ್ತು ಫ್ರೇಮ್ ಹೊಡೆಯುವ ಕ್ಯಾಮೆರಾ ಇದ್ದರೆ ಅಷ್ಟರಲ್ಲೇ ಮೂವತ್ತು ಫೋಟೊ ಆಗುತ್ತವೆ, ಸಂಜೆಯಾಗುವಷ್ಟರಲ್ಲಿ ಸಾವಿರ ದಾಟುತ್ತವೆ. ಈ ಸಾವಿರವನ್ನು ಒಂದಕ್ಕೆ ಇಳಿಸಿ, ಅದು ಊರಿನ ಫೋಟೊ ಸ್ಪರ್ಧೆಗೆ ಸಾಕೋ ಇಲ್ಲವೋ ಎಂದು ನಾನು ತೀರ್ಮಾನಿಸುವ ಕ್ರಮ ಇಲ್ಲಿದೆ. ಕಂಬಳವನ್ನೇ ಆರಿಸಿಕೊಳ್ಳಲು ಕಾರಣವಿದೆ. ಕರಾವಳಿಯ ಯಾವ ಸ್ಪರ್ಧೆಗೆ ಹೋದರೂ ಅದೇ ಕೋಣ, ಅದೇ ನೀರು, ಅದೇ ಕೋನ. ಎಲ್ಲರ ಹತ್ತಿರವೂ ಇರುವ ವಿಷಯದಲ್ಲಿ ‘ಚೆನ್ನಾಗಿದೆ’ ಎಂಬುದು ಸಾಲದು.

ಅದೇ ದಿನ ರಾತ್ರಿ ಆರಿಸಲು ಕೂರುವುದಿಲ್ಲ. ಕೊಂಬಿನ ದನಿ, ಕೆಸರು, ಬಿಸಿಲಲ್ಲಿ ಕಾದದ್ದು ಎಲ್ಲ ಇನ್ನೂ ತಲೆಯಲ್ಲಿರುತ್ತದೆ, ಅದನ್ನೇ ಫೋಟೊಗೆ ಸೇರಿಸಿ ನೋಡುತ್ತೇವೆ. ತೀರ್ಪುಗಾರರಿಗೆ ಅದಾವುದೂ ಕೇಳಿಸುವುದಿಲ್ಲ. ಕನಿಷ್ಠ ಎರಡು ವಾರ ಬಿಟ್ಟು ತೆರೆಯುವುದು ಒಳ್ಳೆಯದು.

ಮೊದಲ ಸುತ್ತಿನಲ್ಲಿ ಯಾವ ಫೋಟೊವನ್ನೂ ದೊಡ್ಡದು ಮಾಡಬಾರದು. ಪರದೆಯ ಮೇಲೆ ಬೆಂಕಿಪೊಟ್ಟಣದ ಗಾತ್ರದಲ್ಲಿ ಸಾಲಾಗಿ ಹರಡಿಕೊಂಡು ನೋಡಬೇಕು. ನೂರಾರು ಚಿತ್ರ ಬಂದಿರುವ ಸ್ಪರ್ಧೆಯಲ್ಲಿ ಮೊದಲ ಸುತ್ತಿಗೆ ಒಂದೊಂದಕ್ಕೆ ಸಿಗುವುದು ಕೆಲವೇ ಸೆಕೆಂಡು. ಆಗ ಕಾಣುವುದು ವಿವರವಲ್ಲ, ಆಕಾರ. ಕಂಬಳದ ಫೋಟೊ ಹೆಚ್ಚಾಗಿ ಸೋಲುವುದು ಇಲ್ಲೇ. ಎರಡು ಕರಿ ಕೋಣಗಳು ಒಂದರ ಹಿಂದೆ ಒಂದು ಸೇರಿ, ಎಂಟು ಕಾಲಿನ ಒಂದು ಕಪ್ಪು ಮುದ್ದೆಯಾಗಿರುತ್ತವೆ. ನಾನು ನೋಡುವುದು ಎರಡೇ: ಎರಡು ತಲೆಗಳ ನಡುವೆ ಬೆಳಕಿನ ಒಂದು ಸಂದು ಇದೆಯೇ? ಓಡಿಸುವವನ ಮುಖ ಕೋಣಗಳ ಬೆನ್ನಿನಿಂದ ಬೇರೆಯಾಗಿ ಕಾಣುತ್ತದೆಯೇ? ಎರಡೂ ಇಲ್ಲದಿದ್ದರೆ ನೀರು ಎಷ್ಟೇ ಎತ್ತರಕ್ಕೆ ಚಿಮ್ಮಿರಲಿ, ಆ ಫ್ರೇಮ್ ಪಕ್ಕಕ್ಕೆ. ಅನುಮಾನವಿದ್ದರೆ ಚಿತ್ರವನ್ನು ಎಡ-ಬಲ ತಿರುಗಿಸಿ, ಬಣ್ಣ ತೆಗೆದು ನೋಡುತ್ತೇನೆ. ಕಣ್ಣಿಗೆ ಅಭ್ಯಾಸವಾಗಿ ಮರೆಯಾಗಿದ್ದ ಓರೆಕೋರೆ ಆಗ ತಟ್ಟನೆ ಎದ್ದು ಬರುತ್ತದೆ. ಸಾವಿರದಲ್ಲಿ ಈ ಸುತ್ತು ದಾಟುವುದು ನಲವತ್ತೋ ಐವತ್ತೋ.

ಆಮೇಲೆ ನೂರಕ್ಕೆ ನೂರು ಗಾತ್ರದಲ್ಲಿ ಫೋಕಸ್ ನೋಡಬೇಕು. ಬರೀ ‘ಶಾರ್ಪ್ ಇಲ್ಲ’ ಎಂದು ಬಿಟ್ಟರೆ ಮುಂದಿನ ಕಂಬಳಕ್ಕೆ ಏನು ಸರಿಪಡಿಸಬೇಕೆಂದು ಗೊತ್ತಾಗುವುದಿಲ್ಲ, ಹಾಗಾಗಿ ಕಾರಣವನ್ನೂ ಹುಡುಕುತ್ತೇನೆ. ಕೋಣದ ಕಣ್ಣು ಮಸುಕಾಗಿದ್ದು, ಹಿಂದಿನ ಜನರ ಅಂಗಿಯ ಗೆರೆಗಳು ಸ್ಪಷ್ಟವಾಗಿದ್ದರೆ ಫೋಕಸ್ ಹಿಂದಕ್ಕೆ ಹೋಗಿದೆ. ಮುಂದಿನ ನೀರಹನಿ ಮಾತ್ರ ಸ್ಪಷ್ಟವಿದ್ದರೆ ಕ್ಯಾಮೆರಾ ಹನಿಯನ್ನೇ ಹಿಡಿದುಕೊಂಡಿದೆ, ಇದು ಕಂಬಳದಲ್ಲಿ ಬಹಳ ಸಾಮಾನ್ಯ. ಹಿನ್ನೆಲೆ ಸ್ಪಷ್ಟವಿದ್ದು ಕಾಲು, ಮೂತಿ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಶಟರ್ ನಿಧಾನವಾಯಿತು ಎಂದರ್ಥ, ಅದಕ್ಕೆ 1/1000ರಿಂದ 1/1600 ಸೆಕೆಂಡು ಬೇಕು. ಫ್ರೇಮಿನ ಮೂಲೆಮೂಲೆಯೂ ಒಂದೇ ರೀತಿ ಜೋಡಿ ಗೆರೆಯಾಗಿದ್ದರೆ ಕೈ ಅಲುಗಾಡಿದೆ. ಓಡಿಸುವವನ ಕಣ್ಣಾಗಲಿ, ಹತ್ತಿರದ ಕೋಣದ ಕಣ್ಣಾಗಲಿ, ಒಂದಾದರೂ ಸ್ಪಷ್ಟವಿರಲೇಬೇಕು. ಬೇಕೆಂದೇ 1/30ರಲ್ಲಿ ಕ್ಯಾಮೆರಾವನ್ನು ಕೋಣದ ಜೊತೆಗೆ ತಿರುಗಿಸಿ ತೆಗೆದದ್ದಾದರೂ ಈ ಷರತ್ತು ಬದಲಾಗುವುದಿಲ್ಲ. ಕಾಲು ಕರಗಿಹೋಗಲಿ, ತಲೆ ಉಳಿಯಬೇಕು. ಎಲ್ಲವೂ ಕರಗಿದ ಚಿತ್ರಕ್ಕೆ ಕಲೆ ಎಂದು ಹೆಸರಿಡುವುದು ಸುಲಭ, ನೋಡುವವರು ಒಪ್ಪುವುದು ಕಷ್ಟ. ಗದ್ದಲಕ್ಕೆ, ಅಂದರೆ ಐಎಸ್‌ಒ ಏರಿಸಿದಾಗ ಬರುವ ಕಾಳುಕಾಳಿಗೆ, ನಾನು ಅಷ್ಟು ಹೆದರುವುದಿಲ್ಲ. ರಾತ್ರಿ ಹೊನಲು ಬೆಳಕಿನಲ್ಲಿ ತೆಗೆದದ್ದು ಕಾಳುಕಾಳಾಗಿದ್ದರೂ ಕ್ಷಣ ಸಿಕ್ಕಿದ್ದರೆ ನಡೆಯುತ್ತದೆ.

ಬೆಳಕಿನ ಪರೀಕ್ಷೆಯಲ್ಲಿ ಕಂಬಳಕ್ಕೇ ವಿಶೇಷವಾದ ತೊಂದರೆ ಇದೆ. ಫ್ರೇಮ್ ತುಂಬ ಕರಿ ಮೈ ಇದ್ದಾಗ ಕ್ಯಾಮೆರಾದ ಮೀಟರ್ ಆ ಕಪ್ಪನ್ನು ಬೂದು ಮಾಡಲು ಹೋಗಿ ಬೆಳಕು ಹೆಚ್ಚಿಸುತ್ತದೆ, ಆಗ ಬಿಸಿಲಿಗೆ ಸಿಕ್ಕ ನೀರು ಸುಣ್ಣ ಬಳಿದಂತೆ ಬೆಳ್ಳಗಾಗಿ ಹೋಗುತ್ತದೆ. ರಾ ಫೈಲಿನಲ್ಲಿ ಹೈಲೈಟ್ಸ್ ಪೂರ್ತಿ ಇಳಿಸಿ ನೋಡಿ. ಹನಿಗಳು ಬಿಡಿಬಿಡಿಯಾಗಿ ಕಂಡರೆ ಚಿತ್ರ ಉಳಿಯಿತು, ಬೂದು ಹಾಳೆಯಂತೆ ಸಪಾಟಾದರೆ ಅಲ್ಲಿ ಮಾಹಿತಿಯೇ ಇಲ್ಲ. ಒದ್ದೆ ಮೈಯ ಮೇಲಿನ ಹೊಳಪಿನ ಚುಕ್ಕಿಗಳು ಬೆಳ್ಳಗಾದರೆ ಚಿಂತೆಯಿಲ್ಲ. ಕೋಣದ ಕಿವಿಗಿಂತ ದೊಡ್ಡ ಬಿಳಿ ತೇಪೆಯಾದರೆ ಮಾತ್ರ ನಾನು ತೆಗೆದುಹಾಕುತ್ತೇನೆ.

ನಂತರ ಅಂಚು. ಇದರಲ್ಲಿ ಅವಸರ ಮಾಡುವುದಿಲ್ಲ, ಬೆರಳನ್ನು ಪರದೆಯ ನಾಲ್ಕೂ ಅಂಚಿನ ಮೇಲೆ ಒಂದು ಸುತ್ತು ನಡೆಸುತ್ತೇನೆ. ಬಾಲದ ತುದಿ ಕತ್ತರಿಸಿದೆಯೇ, ಯಾರದೋ ಮೊಬೈಲ್ ಹಿಡಿದ ಕೈ ಒಳಗೆ ಚಾಚಿದೆಯೇ, ತಲೆಯ ಹಿಂದೆ ಲೌಡ್‌ಸ್ಪೀಕರ್ ಕಂಬ ಎದ್ದಿದೆಯೇ, ಬ್ಯಾನರಿನ ಅಕ್ಷರಗಳು ಕಣ್ಣನ್ನು ಎಳೆಯುತ್ತಿವೆಯೇ? ಓದಬಲ್ಲ ಅಕ್ಷರ ಫ್ರೇಮಿನಲ್ಲಿದ್ದರೆ ಕಣ್ಣು ಕೋಣವನ್ನು ಬಿಟ್ಟು ಅಕ್ಷರಕ್ಕೇ ಹೋಗುತ್ತದೆ.

ಇಲ್ಲಿಗೆ ನಾಲ್ಕೈದು ಫ್ರೇಮ್ ಉಳಿದಿರುತ್ತವೆ. ಒಂದು ಉದಾಹರಣೆ ನೋಡೋಣ. ಓಡಿಸುವವನು ಹಲಗೆಯ ಮೇಲೆ ನಿಂತು ಸಾಗುವ ಅಡ್ಡ ಹಲಗೆಯ ಓಟ, 200 ಮಿ.ಮೀ. ಲೆನ್ಸ್, 1/1250 ಸೆಕೆಂಡು, ಐಎಸ್‌ಒ 800. ಒಂದೇ ಬರ್ಸ್ಟಿನ ಮೂರು ಫ್ರೇಮ್. ಮೊದಲನೆಯದರಲ್ಲಿ ನೀರು ಬೀಸಣಿಗೆಯಂತೆ ಹರಡಿದೆ, ಆದರೆ ಓಡಿಸುವವನ ಮುಖ ನೀರಿನ ಹಿಂದೆ ಅಡಗಿದೆ. ಎರಡನೆಯದರಲ್ಲಿ ಮುಖ, ಹಲ್ಲು ಕಚ್ಚಿದ ದವಡೆ, ಹಿಂದಕ್ಕೆ ವಾಲಿದ ಮೈ ಎಲ್ಲ ಸ್ಪಷ್ಟ. ನೀರು ಮಾತ್ರ ಸೊಂಟದ ಮಟ್ಟಕ್ಕೆ ಇಳಿದಿದೆ, ಜೊತೆಗೆ ಎಡಗಡೆಯ ಕೋಣದ ಮೂತಿ ಅಂಚಿಗೆ ತಾಗುವಷ್ಟು ಹತ್ತಿರ ಬಂದಿದೆ. ಮೂರನೆಯದರಲ್ಲಿ ಮುಖವೂ ಇದೆ, ನೀರೂ ಇದೆ, ಓಡಿಸುವವನ ನೆತ್ತಿಯಿಂದ ಎದ್ದಂತೆ ಒಂದು ಕಂಬವೂ ಇದೆ.

ಮನಸ್ಸು ಹೋಗುವುದು ಮೊದಲನೆಯದಕ್ಕೆ. ಆದರೆ ಅಂಥ ನೀರು ಸ್ಪರ್ಧೆಗೆ ಬಂದ ಅರ್ಧ ಚಿತ್ರಗಳಲ್ಲಿ ಇರುತ್ತದೆ, ಮುಖವಿಲ್ಲದ ಚಿತ್ರ ಯಾರದ್ದೂ ಆಗಬಹುದು. ಮೂರನೆಯದನ್ನು ಆರಿಸಿ ಕಂಬ ಅಳಿಸಿಬಿಟ್ಟರೆ ಆಯಿತಲ್ಲ ಎನಿಸುತ್ತದೆ, ಎಡವುವುದು ಇಲ್ಲಿಯೇ. ಮುಕ್ತ ವಿಭಾಗದಲ್ಲಿ ಅಳಿಸುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಪ್ರವಾಸ, ಪತ್ರಿಕಾ ಛಾಯಾಗ್ರಹಣದ ವಿಭಾಗಗಳಲ್ಲಿ ಚಿತ್ರದಲ್ಲಿದ್ದ ವಸ್ತುವನ್ನು ತೆಗೆಯುವುದು, ಸೇರಿಸುವುದು ನಿಷಿದ್ಧ, ಬೇಡದ್ದನ್ನು ಕ್ರಾಪ್ ಮಾಡಿ ಹೊರಗಿಡಬಹುದು ಅಷ್ಟೆ. ಕೆಲವೆಡೆ ಬಹುಮಾನಕ್ಕೆ ಮೊದಲು ಮೂಲ ಫೈಲ್ ಕೇಳುತ್ತಾರೆ, ಆಗ ಕಂಬ ಮತ್ತೆ ಪ್ರತ್ಯಕ್ಷ. ಇನ್ನೊಂದು ಮಾತು: ಪ್ರಾಣಿ ಇದೆಯೆಂದು ಕಂಬಳವನ್ನು ನಿಸರ್ಗ ವಿಭಾಗಕ್ಕೆ ಹಾಕಬೇಡಿ. ಅಂತರರಾಷ್ಟ್ರೀಯ ಸಲೋನ್‌ಗಳು, ಅಂದರೆ ಛಾಯಾಚಿತ್ರ ಸ್ಪರ್ಧೆಗಳು, ಅನುಸರಿಸುವ ವ್ಯಾಖ್ಯೆಯಲ್ಲಿ ಸಾಕುಪ್ರಾಣಿಗಳಿಗೆ ಜಾಗವಿಲ್ಲ, ಇಲ್ಲಿನ ಹಲವು ಕ್ಲಬ್ಬುಗಳೂ ಅದನ್ನೇ ಪಾಲಿಸುತ್ತವೆ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ನೋಡುವ ಮೊದಲೇ ಹೊರಗೆ.

ಹಾಗಾಗಿ ಉಳಿಯುವುದು ಎರಡನೆಯದು, ಕ್ರಾಪ್ ಸಾಧ್ಯವಾದರೆ. ಮೂತಿಯ ಮುಂದೆ ಜಾಗವನ್ನು ಹುಟ್ಟಿಸಲು ಆಗದು, ಆದರೆ ಇನ್ನಷ್ಟು ಒಳಗೆ ಬರಬಹುದು: ಎಡಗಡೆಯ ಕೋಣದ ಅರ್ಧ ಮುಖವನ್ನು ಧೈರ್ಯವಾಗಿ ಕತ್ತರಿಸಿ, ಬಲಗಡೆಯ ಕೋಣದ ಕಣ್ಣು ಮತ್ತು ಓಡಿಸುವವನ ಮುಖದ ಸುತ್ತ ಚೌಕಟ್ಟು ಕಟ್ಟುವುದು. ಅಂಚಿಗೆ ತಾಗಿತೋ ಇಲ್ಲವೋ ಎಂಬಂತಿದ್ದರೆ ಅದು ತಪ್ಪಾಗಿ ಕಾಣುತ್ತದೆ, ಸ್ಪಷ್ಟವಾಗಿ ಕತ್ತರಿಸಿದ್ದರೆ ನಿರ್ಧಾರವಾಗಿ ಕಾಣುತ್ತದೆ. ಈಗ ಲೆಕ್ಕ ಹಾಕಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೈಲ್ 6000 × 4000 ಇರುತ್ತದೆ. ಕ್ರಾಪ್ ಆದಮೇಲೆ 3600 × 2400 ಉಳಿದರೆ 12 × 18 ಇಂಚಿನ ಪ್ರಿಂಟಿಗೆ ಇಂಚಿಗೆ 200 ಪಿಕ್ಸೆಲ್ ಸಿಗುತ್ತದೆ, ಗೋಡೆಯ ಮೇಲೆ ನೋಡಲು ಸಾಕು. 2400 × 1600ಕ್ಕೆ ಇಳಿದರೆ ಇಂಚಿಗೆ 133 ಮಾತ್ರ, ಹತ್ತಿರ ಬಂದು ನೋಡುವ ತೀರ್ಪುಗಾರರಿಗೆ ಕೋಣದ ಕೂದಲು ಕೆಸರಿನ ಹಾಗೆ ಕಾಣುತ್ತದೆ. ಬರೀ ಪರದೆಯ ಮೇಲೆ ತೋರಿಸುವ ಸ್ಪರ್ಧೆಯಾದರೆ ಸಾಮಾನ್ಯವಾಗಿ ಉದ್ದ 1920 ಪಿಕ್ಸೆಲ್ ಕೇಳುತ್ತಾರೆ, ಅಲ್ಲಿ ಈ ಕ್ರಾಪ್ ಕೂಡ ನಿಲ್ಲುತ್ತದೆ. ಫೈಲ್ ಉಳಿಸುವಾಗ ಬಣ್ಣದ ಪ್ರೊಫೈಲ್ sRGB ಇರಲಿ. Adobe RGBಯಲ್ಲಿ ಕಳಿಸಿದ್ದು ಅವರ ಪ್ರೊಜೆಕ್ಟರಿನಲ್ಲಿ ಸಪ್ಪೆಯಾಗಿ ಕಾಣಬಹುದು.

ಕೊನೆಗೆ 4 × 6 ಇಂಚಿನ ಅಗ್ಗದ ಪ್ರಿಂಟ್ ಹಾಕಿಸಿ, ದಿನಾ ಹತ್ತು ಸಲ ಓಡಾಡುವ ಕಡೆ, ಅಡುಗೆಮನೆಯ ಬಾಗಿಲ ಪಕ್ಕದಲ್ಲೋ ಎಲ್ಲೋ ಅಂಟಿಸುತ್ತೇನೆ. ಒಂದು ವಾರದಲ್ಲಿ ಕಣ್ಣು ಅದನ್ನು ದಾಟಿ ಹೋಗತೊಡಗಿದರೆ ಆ ಚಿತ್ರ ಕಳಿಸುವುದಿಲ್ಲ. ಮನೆಯವರನ್ನು ‘ಹೇಗಿದೆ’ ಎಂದು ಕೇಳುವುದು ವ್ಯರ್ಥ, ಚೆನ್ನಾಗಿದೆ ಎಂದೇ ಹೇಳುತ್ತಾರೆ. ‘ಇದರಲ್ಲಿ ಮೊದಲು ಏನು ಕಾಣಿಸಿತು?’ ಎಂದು ಕೇಳಬೇಕು. ನಾಲ್ವರಲ್ಲಿ ಇಬ್ಬರು ‘ಹಿಂದೆ ನಿಂತ ಕೆಂಪು ಅಂಗಿಯವರು’ ಎಂದರೆ ಉತ್ತರ ಸಿಕ್ಕಿತು.

ಮೊದಲ ಪೋರ್ಟ್‌ಫೋಲಿಯೊಗೆ ಆರಿಸುವಾಗ ಇವೇ ಪರೀಕ್ಷೆಗಳು ನಡೆಯುತ್ತವೆ, ಆದರೆ ಪ್ರಶ್ನೆ ಬೇರೆ. ಸ್ಪರ್ಧೆಗೆ ಅದೃಷ್ಟದಿಂದ ಸಿಕ್ಕ ಚಿತ್ರವೂ ಆಗುತ್ತದೆ, ಯಾರೂ ಕೇಳುವುದಿಲ್ಲ. ಪೋರ್ಟ್‌ಫೋಲಿಯೊ ನೋಡುವವರು ಮುಂದೆ ಕೆಲಸ ಕೊಡುವವರು, ಅವರಿಗೆ ಬೇಕಾದದ್ದು ಇಂಥದ್ದನ್ನು ಇನ್ನೊಮ್ಮೆ ತೆಗೆಯಬಲ್ಲಿರಾ ಎಂಬುದು. ಹನ್ನೆರಡರಿಂದ ಹದಿನೈದು ಚಿತ್ರ ಸಾಕು. ಇದರಲ್ಲಿ ನೀರು ಚಿಮ್ಮುವ ಓಟ ಒಂದೇ ಇರಲಿ. ಓಟಕ್ಕೆ ಮುಂಚೆ ಕೋಣಕ್ಕೆ ಎಣ್ಣೆ ಹಚ್ಚುತ್ತಿರುವ ಕೈ, ನೊಗ ಕಟ್ಟುವ ಹಗ್ಗದ ಗಂಟು, ಗೆದ್ದ ಕೋಣದ ಮೂತಿಗೆ ಮುಖ ತಾಗಿಸಿ ನಿಂತ ಯಜಮಾನ, ರಾತ್ರಿಯ ದೀಪದಲ್ಲಿ ಜನರ ಸಾಲು, ಹೀಗೆ ಬೇರೆ ಬೇರೆ ಬೆಳಕು, ಬೇರೆ ಬೇರೆ ದೂರ. ಎರಡು ಚಿತ್ರ ಒಂದೇ ಮಾತು ಹೇಳುತ್ತಿದ್ದರೆ ಅಕ್ಕಪಕ್ಕ ಇಟ್ಟು ಒಂದನ್ನು ತೆಗೆಯುತ್ತೇನೆ, ಎರಡೂ ಇಷ್ಟವಾಗಿದ್ದರೂ ಸರಿ. ಸ್ಪರ್ಧೆಯಲ್ಲಿ ಬಹುಮಾನ ಬಂದ ಚಿತ್ರವೂ ಹೀಗೆ ಹೊರಬೀಳುವುದುಂಟು. ಮೇಲಿನ ಮೂರು ಫ್ರೇಮ್‌ಗಳಲ್ಲಿ ಪೋರ್ಟ್‌ಫೋಲಿಯೊಗೆ ಹೋಗುವುದು ಕೂಡ ಎರಡನೆಯದೇ, ಆದರೆ ಬಿಗಿ ಕ್ರಾಪ್ ಇಲ್ಲದೆ. ಮಂಜೊಟ್ಟಿಯ ಹಸಿರು ಏರು ಮತ್ತು ಜನರ ಮುಖಗಳು ಸ್ವಲ್ಪ ಕಂಡರೆ ಯಾವ ಊರಿನ, ಯಾವ ಹೊತ್ತಿನ ಕೆಲಸ ಎಂದು ಅಲ್ಲಿ ತಿಳಿಯಬೇಕು. ಎಡಗಡೆಯ ಮೂತಿ ಅಂಚಿಗೆ ತಾಗಿರುವ ತೊಂದರೆ ಹಾಗೇ ಉಳಿಯುತ್ತದೆ, ಅದಕ್ಕಾಗಿಯೇ ಅದು ಹದಿನೈದರ ಮೊದಲ ಪುಟಕ್ಕೂ ಅಲ್ಲ, ಕೊನೆಯ ಪುಟಕ್ಕೂ ಅಲ್ಲ, ನಡುವಿನಲ್ಲೆಲ್ಲೋ ಕೂರುತ್ತದೆ. ಮುಂದಿನ ಕಂಬಳದಲ್ಲಿ ಎರಡು ಹೆಜ್ಜೆ ಹಿಂದೆ ನಿಂತು ಅದಕ್ಕಿಂತ ಒಳ್ಳೆಯದು ಸಿಗುವ ತನಕ.