ಪೂರ್ತಿ ದುಡ್ಡು ಕಟ್ಟಿದ ಮೇಲೂ ಬಿಲ್ಡರ್‌ನಿಂದ ಲೆಕ್ಕ ತೆಗೆಸಬಹುದು: ನನ್ನ ಅನುಭವ

ರಿಜಿಸ್ಟ್ರೇಶನ್ ಮುಗಿದು ಕೀ ಕೈಗೆ ಬಂದ ಮೇಲೆ ಬಿಲ್ಡರ್ ಯಾವ ಕಾಗದವನ್ನೂ ಕೊಡುವುದಿಲ್ಲ, ಕೊನೇ ಕಂತು ಹಿಡಿದಿಟ್ಟುಕೊಂಡವರಿಗೆ ಮಾತ್ರ ಸಿಗುತ್ತದೆ ಅನ್ನುವುದು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರ ಮಾತು. ಸ್ಟೇಟ್‌ಮೆಂಟ್ ಆಫ್ ಅಕೌಂಟ್, ಪ್ರತಿ ಕಂತಿನ ರಸೀದಿ, ಟ್ಯಾಕ್ಸ್ ಇನ್‌ವಾಯ್ಸ್ ಮೂರೂ ಸಹಿ ಸೀಲಿನೊಂದಿಗೆ ನನಗೆ ಬಂದಿವೆ. ಜೊತೆಗೆ ಕಟ್ಟಬೇಕಿಲ್ಲದ ಬಡ್ಡಿಯ ದುಡ್ಡೂ ವಾಪಸ್ಸು ಬಂತು. ಆಗದು ಅಂದವರೇ ಈಗ ನನ್ನ ಎಕ್ಸೆಲ್ ಶೀಟ್ ಕೇಳುತ್ತಿದ್ದಾರೆ.

ಫೋನು, ವಾಟ್ಸಾಪ್, ಗ್ರಾಹಕರನ್ನು ನೋಡಿಕೊಳ್ಳುವ ಸಿಆರ್‌ಎಂ ಹುಡುಗರಿಗೆ ಮೇಲ್ ಮೇಲೆ ಮೇಲ್ ಇವು ಯಾವುವೂ ಕೆಲಸಕ್ಕೆ ಬರಲಿಲ್ಲ. ಕಾರಣ ಸರಳ. ಸಿಆರ್‌ಎಂನವರ ಸಾಫ್ಟ್‌ವೇರ್ ಬೇರೆ, ಅಕೌಂಟ್ಸ್‌ನವರ ಟ್ಯಾಲಿ ಬೇರೆ. 'ಸ್ಟೇಟ್‌ಮೆಂಟ್ ಕೊಡಿ' ಎಂದರೆ ಎರಡನ್ನೂ ಯಾರೋ ಒಬ್ಬರು ಕೂತು ತಾಳೆ ನೋಡಬೇಕು. ಆ ಕೆಲಸಕ್ಕೆ ಅಲ್ಲಿ ಯಾರೂ ಇಲ್ಲ. ಹಾಗಾಗಿ ತಾಳೆ ನೋಡುವ ಕೆಲಸವನ್ನು ನಾವೇ ಮುಗಿಸಿ, 'ಇದು ನನ್ನ ಲೆಕ್ಕ, ಒಪ್ಪಿಗೆಯಿದ್ದರೆ ದೃಢೀಕರಿಸಿ, ಇಲ್ಲವಾದರೆ ಯಾವ ಸಾಲು ತಪ್ಪು ಎಂದು ಬರೆಯಿರಿ' ಎಂದು ಕೇಳಬೇಕು. ನನ್ನ ವಿಧಾನದ ಮುಕ್ಕಾಲು ಪಾಲು ಇಷ್ಟೇ.

ಶೀಟ್ ಹೀಗಿರಲಿ. ಫ್ಲ್ಯಾಟಿನ ಬೆಲೆ, ಪಾರ್ಕಿಂಗ್ ಎಲ್ಲ ಸೇರಿ ಅಂದಾಜು 70 ಲಕ್ಷ, 14 ಲಕ್ಷದ ಐದು ಕಂತು ಎಂದಿಟ್ಟುಕೊಳ್ಳಿ. ಒಂದು ಕಂತಿಗೆ 5% ಜಿಎಸ್‌ಟಿ 70 ಸಾವಿರ. 1% ಟಿಡಿಎಸ್ 14 ಸಾವಿರ, ಅದನ್ನು ಬಿಲ್ಡರಿಗೆ ಕೊಡುವ ದುಡ್ಡಿನಲ್ಲಿ ಹಿಡಿದುಕೊಂಡು 26ಕ್ಯೂಬಿ ಫಾರ್ಮಿನಲ್ಲಿ ನಾವೇ ಸರ್ಕಾರಕ್ಕೆ ಕಟ್ಟಿದ್ದು. ಅಂದರೆ ಬಿಲ್ಡರ್ ಖಾತೆಗೆ ಹೋಗಿದ್ದು 14,56,000. ಐದು ಕಂತಿಗೆ 72.8 ಲಕ್ಷ ದುಡ್ಡು, 70 ಸಾವಿರ ಟಿಡಿಎಸ್, ಒಟ್ಟು 73.5 ಲಕ್ಷ. ಪ್ರತಿ ಸಾಲಿನಲ್ಲಿ ಡಿಮ್ಯಾಂಡ್ ಲೆಟರ್ ದಿನಾಂಕ, ದುಡ್ಡು ಹೋದ ದಿನಾಂಕ, ಬ್ಯಾಂಕ್ ವರ್ಗಾವಣೆಯ ಯುಟಿಆರ್ ನಂಬರು, 26ಕ್ಯೂಬಿ ಚಲನ್ ನಂಬರು, ಬಂದ ರಸೀದಿಯ ನಂಬರು ಇರಬೇಕು. ಇಲ್ಲದ ರಸೀದಿಯ ಜಾಗ ಖಾಲಿ ಬಿಟ್ಟು ಹಳದಿ ಬಣ್ಣ ಹಾಕಿ. ಬ್ಯಾಂಕ್ ಲೋನಿನ ಕಂತುಗಳಿಗೆ ಬ್ಯಾಂಕಿನಿಂದಲೇ ಡಿಸ್ಬರ್ಸ್‌ಮೆಂಟ್ ಲೆಟರ್ ತೆಗೆದುಕೊಳ್ಳಿ. ನಮ್ಮ ಲೋನ್ ಸ್ಟೇಟ್‌ಮೆಂಟಿನಲ್ಲಿರುವ ದಿನ ಒಂದು, ಬಿಲ್ಡರ್ ಖಾತೆಗೆ ಜಮೆಯಾದ ದಿನ ಇನ್ನೊಂದು ಆಗಿರುವುದುಂಟು. ಮೇಂಟೆನೆನ್ಸ್, ಕಾರ್ಪಸ್ ಈ ಶೀಟಿಗೆ ಸೇರಿಸಬೇಡಿ. ಎಷ್ಟೋ ಕಡೆ ಅದು ಬೇರೆ ಕಂಪನಿಯ ಖಾತೆಗೆ ಹೋಗಿರುತ್ತದೆ, ಅದಕ್ಕೆ ಬೇರೆ ಶೀಟೇ ಬೇಕು.

ಇಷ್ಟು ಕಳಿಸಿದ ಮೇಲೆ ಬಂದ ಅವರ ಲೆಡ್ಜರ್‌ನಲ್ಲಿ ನನ್ನ ಹೆಸರಿನಲ್ಲಿ 28 ಸಾವಿರ ಬಾಕಿ! ಎರಡು ಕಂತಿನ ಟಿಡಿಎಸ್ ಮೊತ್ತ ಅದು. ಟಿಡಿಎಸ್ ಕಟ್ಟಿದ್ದಕ್ಕೆ ಸಿಗುವ ಸರ್ಟಿಫಿಕೇಟು ಫಾರ್ಮ್ 16ಬಿ ಕೈಗೆ ಬಂದರೆ ಮಾತ್ರ ಅಕೌಂಟ್ಸ್‌ನವರು ಟಿಡಿಎಸ್ ಅನ್ನು ಜಮೆ ಹಾಕುತ್ತಾರೆ, ಚಲನ್ ಕಳಿಸಿದರೆ ಸಾಲದು. ಆದಾಯ ತೆರಿಗೆ ಇಲಾಖೆಯ ಟ್ರೇಸಸ್ ವೆಬ್‌ಸೈಟಿನಿಂದ ಎಲ್ಲ 16ಬಿ ಇಳಿಸಿಕೊಂಡು ಒಟ್ಟಿಗೆ ಲಗತ್ತಿಸಿ. ಜಂಟಿ ಹೆಸರಿದ್ದರೆ ಇಬ್ಬರ ಹೆಸರಿನಲ್ಲೂ ಪ್ರತ್ಯೇಕ 26ಕ್ಯೂಬಿ ಇರುತ್ತದೆ. ಬಿಲ್ಡರ್ ಮೊದಲ ಹೆಸರಿನದನ್ನು ಮಾತ್ರ ಜಮೆ ಮಾಡಿ ಇನ್ನೊಂದನ್ನು ಬಿಟ್ಟಿರುವುದೇ ಹೆಚ್ಚು.

ಇನ್ನೊಂದು ಸಾಲು ಬಡ್ಡಿಯದು. ಬ್ಯಾಂಕಿನಿಂದ ಬಂದ ಒಂದು ಕಂತನ್ನು ಸುಮಾರು 40 ದಿನ ತಡವಾಗಿ ಜಮೆ ಹಾಕಿ, 18%ರಂತೆ 27 ಸಾವಿರ ಚಿಲ್ಲರೆ ಬಡ್ಡಿ ಹಾಕಿದ್ದರು. ಫೈನಲ್ ಡಿಮ್ಯಾಂಡಿನಲ್ಲಿ ಅದು 'ಇತರೆ' ಎಂಬ ಸಾಲಿನಲ್ಲಿ ಅಡಗಿತ್ತು, ಅದೂ ಕಟ್ಟಿಯಾಗಿತ್ತು. ಬ್ಯಾಂಕಿನ ಪತ್ರದಲ್ಲಿದ್ದ ಯುಟಿಆರ್ ಮತ್ತು ದಿನಾಂಕ ಎದುರಿಗಿಟ್ಟ ಮೇಲೆ ಅವರಿಗೆ ಮಾತಿರಲಿಲ್ಲ. ನಿಜವಾಗಿ ತಡವಾಗಿದ್ದರೂ ಕರ್ನಾಟಕ ರೇರಾ ನಿಯಮದಲ್ಲಿ ಬಡ್ಡಿ ದರ ಎಸ್‌ಬಿಐ ಸಾಲದ ಮೂಲ ದರವಾದ ಎಂಸಿಎಲ್‌ಆರ್ ಮೇಲೆ 2% ಮಾತ್ರ, ಮತ್ತು ಬಿಲ್ಡರಿಗೂ ನಮಗೂ ಅದೇ ದರ. 18% ಕಂಡರೆ ಬಿಡಬೇಡಿ.

ಹೆಚ್ಚು ಒದ್ದಾಟ ಆದದ್ದು ಟ್ಯಾಕ್ಸ್ ಇನ್‌ವಾಯ್ಸ್‌ಗೆ. 'ಡಿಮ್ಯಾಂಡ್ ಲೆಟರ್‌ನಲ್ಲೇ ಜಿಎಸ್‌ಟಿ ಇದೆಯಲ್ಲ ಸಾರ್' ಅನ್ನುತ್ತಾರೆ. ಡಿಮ್ಯಾಂಡ್ ಲೆಟರ್ ಟ್ಯಾಕ್ಸ್ ಇನ್‌ವಾಯ್ಸ್ ಅಲ್ಲ. ಸಿಜಿಎಸ್‌ಟಿ ಕಾಯ್ದೆಯ 31ನೇ ಕಲಂ ಪ್ರಕಾರ ಇನ್‌ವಾಯ್ಸ್ ಕೊಡಲೇಬೇಕು. ಅದರಲ್ಲಿ ಏನೇನಿರಬೇಕು ಎಂದು 46ನೇ ನಿಯಮ ಹೇಳುತ್ತದೆ: ಬಿಲ್ಡರಿನ ಜಿಎಸ್‌ಟಿ ನೋಂದಣಿ ಸಂಖ್ಯೆಯಾದ ಜಿಎಸ್‌ಟಿಐಎನ್, 16 ಅಕ್ಷರ ಮೀರದ ಕ್ರಮಸಂಖ್ಯೆ, ದಿನಾಂಕ, ಸೇವೆಯ ಕೋಡ್ (ಕಟ್ಟಡ ನಿರ್ಮಾಣಕ್ಕೆ 9954ರಿಂದ ಶುರುವಾಗುತ್ತದೆ), ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಬೇರೆಬೇರೆಯಾಗಿ, ಸಹಿ. ಜಿಎಸ್‌ಟಿಐಎನ್ ಕರ್ನಾಟಕದ್ದಾದರೆ 29ರಿಂದ ಶುರು. ಮುಂದಿನ ಹತ್ತು ಅಕ್ಷರ ಪ್ಯಾನ್. ಆ ಪ್ಯಾನ್ ಸೇಲ್ ಡೀಡಿನಲ್ಲಿರುವ, ನೀವು 26ಕ್ಯೂಬಿಯಲ್ಲಿ ಹಾಕಿರುವ ಪ್ಯಾನೇ ಆಗಿರಬೇಕು. ಬುಕ್ಕಿಂಗ್ ದುಡ್ಡಿನ ರಸೀದಿ ಮಾತ್ರ ಗ್ರೂಪಿನ ಇನ್ನೊಂದು ಕಂಪನಿಯದ್ದಾಗಿರುವ ಸಾಧ್ಯತೆ ಹೆಚ್ಚು, ಅದನ್ನು ಮೊದಲು ನೋಡಿ.

ಮೊದಲ ಸಲ ಬಂದ ಐದು ಇನ್‌ವಾಯ್ಸ್‌ಗಳ ದಿನಾಂಕ ಮೂರು ವರ್ಷಕ್ಕೆ ಹರಡಿತ್ತು, ಆದರೆ ನಂಬರುಗಳು ಮಾತ್ರ ಒಂದರ ಹಿಂದೆ ಒಂದು. ಅಷ್ಟು ದೊಡ್ಡ ಪ್ರಾಜೆಕ್ಟಿನಲ್ಲಿ ಮೂರು ವರ್ಷ ಬೇರೆ ಯಾರಿಗೂ ಇನ್‌ವಾಯ್ಸ್ ಹೋಗಿಲ್ಲವೇ? ಅಂದೇ ಕೂತು ಪ್ರಿಂಟ್ ಹೊಡೆದದ್ದು ಅಂತ ಅರ್ಥ. ಅದಕ್ಕೆ ನಾನು ಕೇಳಿದ್ದು ಒಂದೇ: ಪ್ರತಿ ಇನ್‌ವಾಯ್ಸ್ ಯಾವ ತಿಂಗಳ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ಸೇರಿದೆ ಎಂದು ಲೆಟರ್‌ಹೆಡ್‌ನಲ್ಲಿ ಬರೆದುಕೊಡಿ. ಆ ಮೇಲ್ ಹೋದ ಮೇಲೆ ಟ್ಯಾಕ್ಸ್ ನೋಡಿಕೊಳ್ಳುವವರೇ ನೇರವಾಗಿ ಫೋನ್ ಮಾಡಿದರು, ಹಳೆಯ ಅಸಲಿ ನಂಬರುಗಳಿರುವ ಪ್ರತಿಗಳು ಬಂದವು. ಹಳೇ ದಾಖಲೆ ಇಲ್ಲ ಎಂದು ಹೇಳುವಂತೆಯೂ ಇಲ್ಲ. ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನದಿಂದ 72 ತಿಂಗಳು ಲೆಕ್ಕಪುಸ್ತಕ ಇಟ್ಟುಕೊಳ್ಳಬೇಕು ಎಂದು ಅದೇ ಕಾಯ್ದೆಯ 36ನೇ ಕಲಂ ಇದೆ.

ನಡುವೆ ಜಿಎಸ್‌ಟಿ ಪೋರ್ಟಲಿನಲ್ಲೇ ನನ್ನ ಇನ್‌ವಾಯ್ಸ್ ಸಿಗುತ್ತದೋ ನೋಡೋಣ ಎಂದು ಹುಡುಕಿದ್ದೂ ಆಯಿತು. ಸಿಗುವುದಿಲ್ಲ. ನಮಗೆ ಜಿಎಸ್‌ಟಿ ನೋಂದಣಿ ಇಲ್ಲವಾದ್ದರಿಂದ ನಮ್ಮ ಮಾರಾಟವನ್ನು ಅವರು ಉಳಿದ ಗ್ರಾಹಕರೊಂದಿಗೆ ಒಟ್ಟು ಮೊತ್ತವಾಗಿ ತೋರಿಸುತ್ತಾರೆ. ಆದರೆ ಆ ಜಿಎಸ್‌ಟಿಐಎನ್ ಹಾಕಿ ಹುಡುಕಿದರೆ ನೋಂದಣಿ ಚಾಲ್ತಿಯಲ್ಲಿದೆಯೇ, ಯಾವ ತಿಂಗಳ ರಿಟರ್ನ್ ಯಾವಾಗ ಸಲ್ಲಿಕೆಯಾಗಿದೆ ಎಂಬುದು ಲಾಗಿನ್ ಇಲ್ಲದೆಯೂ ಕಾಣುತ್ತದೆ. ಅದರ ಸ್ಕ್ರೀನ್‌ಶಾಟ್ ಪತ್ರಕ್ಕೆ ಸೇರಿಸಿ.

ಪತ್ರವನ್ನು ಸೈಟ್ ಆಫೀಸಿಗಲ್ಲ, ಕಂಪನಿಯ ನೋಂದಾಯಿತ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಅದರ ವಿಳಾಸ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ವೆಬ್‌ಸೈಟಿನಲ್ಲಿದೆ. ಅದೇ ಪ್ರತಿ ಅಕೌಂಟ್ಸ್ ಮುಖ್ಯಸ್ಥರಿಗೆ ಮೇಲ್, ಸಿಆರ್‌ಎಂಗೆ ಸಿಸಿ. 15 ದಿನ ಗಡುವು ಸಾಕು. ಬೈಗುಳ, ಹಳೇ ದೂರು, ಲಿಫ್ಟು, ಸೀಪೇಜ್ ಒಂದನ್ನೂ ಸೇರಿಸಬೇಡಿ, ಸೇರಿಸಿದರೆ ಪತ್ರ ಬೇರೆ ಇಲಾಖೆಗೆ ಹೋಗಿ ಕೂರುತ್ತದೆ. ಗಡುವು ಮೀರಿದರೆ 1915 ಗ್ರಾಹಕ ಸಹಾಯವಾಣಿ, ಆಮೇಲೆ ರೇರಾ ದೂರು. ನನ್ನ ಪತ್ರದ ಕೊನೆಯ ಪ್ಯಾರಾ ಮಾತ್ರ ಇಲ್ಲಿ ಹಾಕುವುದಿಲ್ಲ, ಇನ್ನೂ ಕೆಲವು ಮನೆಯವರದ್ದು ಅದೇ ಕಂಪನಿಯ ಜೊತೆ ನಡೆಯುತ್ತಿದೆ.

ಕೊನೆಗೆ ಕೈಗೆ ಬಂದ ಸ್ಟೇಟ್‌ಮೆಂಟಿನಲ್ಲಿ ಬಾಕಿ ಸೊನ್ನೆ ಎಂದಿದ್ದರೆ ಸಾಲದು. ಫ್ಲ್ಯಾಟ್ ನಂಬರು ಬ್ರೋಷರಿನದಲ್ಲ, ಸೇಲ್ ಡೀಡಿನದ್ದೇ ಇರಬೇಕು, ಮಾಲೀಕರ ಹೆಸರುಗಳೆಲ್ಲ ಇರಬೇಕು. 'ಚೆಕ್ ಪಾಸಾದರೆ ಮಾತ್ರ' ಎಂದು ಅಚ್ಚಾದ ಹಳೇ ರಸೀದಿಗಳಿದ್ದರೆ ಅವುಗಳ ದುಡ್ಡು ಬಂದಿದೆ ಎಂದೂ ಬರೆಸಿಕೊಳ್ಳಿ. ಜಾಯಿಂಟ್ ಡೆವಲಪ್‌ಮೆಂಟಿನಲ್ಲಿ ಜಮೀನು ಮಾಲೀಕರ ಪಾಲಿನ ಫ್ಲ್ಯಾಟ್ ಕೊಂಡವರಾದರೆ ಮೇಲಿನ ಪತ್ರ ಬಿಲ್ಡರಿಗಲ್ಲ, ದುಡ್ಡು ಪಡೆದ ಮಾಲೀಕರಿಗೆ ಹೋಗಬೇಕು.