0.549 ಬಂದರೆ ತಪ್ಪು ಎಲ್ಲಿದೆ? ಗ್ಯಾಲ್ವನಿಕ್ ಕೋಶದ ಉತ್ತರಗಳನ್ನು ನಾನು ತಿದ್ದುವ ರೀತಿ

ರಾಜಾಜಿನಗರದಲ್ಲಿ ಸೆಕೆಂಡ್ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಟ್ಯೂಷನ್ ಹೇಳಿಕೊಡುತ್ತೇನೆ. ಎಲೆಕ್ಟ್ರೋಕೆಮಿಸ್ಟ್ರಿ ಪಾಠ ಮುಗಿದ ಮೇಲೆ ಕೊಡುವ ಟೆಸ್ಟಿನಲ್ಲಿ ಗ್ಯಾಲ್ವನಿಕ್ ಕೋಶದ ಲೆಕ್ಕ ಒಂದು ಇದ್ದೇ ಇರುತ್ತದೆ. ಆದರೆ ಸತು-ತಾಮ್ರದ ಡೇನಿಯಲ್ ಕೋಶವನ್ನು ನಾನು ಕೇಳುವುದಿಲ್ಲ. 1.10 ವೋಲ್ಟ್ ಅನ್ನುವುದು ಎಲ್ಲರಿಗೂ ಬಾಯಿಪಾಠ. ಸತು ಕೊಡುವುದೂ ಎರಡು ಎಲೆಕ್ಟ್ರಾನ್, ತಾಮ್ರ ತೆಗೆದುಕೊಳ್ಳುವುದೂ ಎರಡು. ಹಾಗಾಗಿ ಸಮೀಕರಣ ಸರಿತೂಗಿಸುವ ಕೆಲಸವೇ ಬರುವುದಿಲ್ಲ. ತಪ್ಪು ತಿಳಿದುಕೊಂಡವರೂ ಸರಿ ಉತ್ತರ ಬರೆದು ಪಾರಾಗುತ್ತಾರೆ.

ನಾನು ಕೇಳುವುದು ತಾಮ್ರ ಮತ್ತು ಬೆಳ್ಳಿಯ ಕೋಶ. ಒಂದು ಬೀಕರಿನಲ್ಲಿ 0.1 M ಕಾಪರ್ ನೈಟ್ರೇಟ್, ಅದರಲ್ಲಿ ತಾಮ್ರದ ತಂತಿ. ಇನ್ನೊಂದರಲ್ಲಿ 0.01 M ಸಿಲ್ವರ್ ನೈಟ್ರೇಟ್, ಅದರಲ್ಲಿ ಬೆಳ್ಳಿಯ ತಂತಿ. E° ಬೆಲೆ ತಾಮ್ರಕ್ಕೆ +0.34 ವೋಲ್ಟ್, ಬೆಳ್ಳಿಗೆ +0.80 ವೋಲ್ಟ್. ಉಷ್ಣತೆ 298 K. ಅರ್ಧ ಕ್ರಿಯೆಗಳನ್ನು ಬರೆಯಿರಿ, ಚಿತ್ರದಲ್ಲಿ ಎಲೆಕ್ಟ್ರೋಡುಗಳ ಧನ-ಋಣ ಗುರುತಿಸಿ, ಕೋಶದ ವಿಭವ ಲೆಕ್ಕ ಹಾಕಿ. ಇಷ್ಟೇ ಪ್ರಶ್ನೆ.

ಈ ಸಾಂದ್ರತೆಗಳನ್ನು ಬೇಕೆಂದೇ ಆರಿಸಿದ್ದು. ಅವೆರಡನ್ನು ಅದಲುಬದಲು ಮಾಡಿ ನೋಡಿ. ತಾಮ್ರ 0.01, ಬೆಳ್ಳಿ 0.1 ಆದರೆ Q, ಅಂದರೆ ತಾಮ್ರದ ಸಾಂದ್ರತೆಯನ್ನು ಬೆಳ್ಳಿಯ ಸಾಂದ್ರತೆಯ ವರ್ಗದಿಂದ ಭಾಗಿಸಿದ್ದು, ಸರಿಯಾಗಿ 1 ಆಗುತ್ತದೆ. ಲಾಗ್ ಸೊನ್ನೆ. ಆಗ ನರ್ನ್‌ಸ್ಟ್ ಸಮೀಕರಣದಲ್ಲಿ ಚಿಹ್ನೆ ತಪ್ಪಿದರೂ, ಎಲೆಕ್ಟ್ರಾನುಗಳ ಸಂಖ್ಯೆ n ತಪ್ಪಿದರೂ, ಉತ್ತರ ಮಾತ್ರ 0.46 ಅಂತ ಚೆನ್ನಾಗಿ ಬಂದು ಕೂತಿರುತ್ತದೆ. ತಿದ್ದುವವರಿಗೆ ಏನೂ ಗೊತ್ತಾಗುವುದಿಲ್ಲ.

ಪೇಪರ್ ಕೈಗೆ ಬಂದ ಕೂಡಲೇ ಕೊನೆಯ ಸಂಖ್ಯೆ ನೋಡುವ ಆಸೆ ಆಗುತ್ತದೆ. ನಾನು ನೋಡುವುದಿಲ್ಲ. ಮೊದಲು ಚಿತ್ರದಲ್ಲಿ ತಂತಿಯ ಮೇಲೆ ಎಲೆಕ್ಟ್ರಾನ್ ಬಾಣ ಯಾವ ಕಡೆಗಿದೆ ಅಂತ ನೋಡುತ್ತೇನೆ. ಬೆಳ್ಳಿಯ E° ಜಾಸ್ತಿ. ಅಂದರೆ ಬೆಳ್ಳಿ ಅಯಾನಿಗೆ ಎಲೆಕ್ಟ್ರಾನ್ ತೆಗೆದುಕೊಳ್ಳುವ ಒಲವು ಜಾಸ್ತಿ. ಹಾಗಾಗಿ ಬಾಣ ತಾಮ್ರದಿಂದ ಬೆಳ್ಳಿಗೆ ಹೋಗಬೇಕು. ಈ ಬಾಣ ಸರಿ ಇದ್ದರೆ ಉಳಿದದ್ದನ್ನೆಲ್ಲ ಅದರಿಂದಲೇ ತಾಳೆ ನೋಡಬಹುದು. ಎಲೆಕ್ಟ್ರಾನ್ ಹೊರಡುವ ಜಾಗ ಆನೋಡ್, ಅಲ್ಲಿ ಉತ್ಕರ್ಷಣ. ತಲುಪುವ ಜಾಗ ಕ್ಯಾಥೋಡ್, ಅಲ್ಲಿ ಅಪಕರ್ಷಣ.

ಆನೋಡ್: Cu → Cu²⁺ + 2e⁻

ಕ್ಯಾಥೋಡ್: 2Ag⁺ + 2e⁻ → 2Ag

ಒಟ್ಟು: Cu + 2Ag⁺ → Cu²⁺ + 2Ag

ಅರ್ಧ ಕ್ರಿಯೆಗಳಲ್ಲಿ ನಾನು ನೋಡುವುದು ಎರಡೇ ಸಂಗತಿ. ಆನೋಡಿನ ಸಾಲಿನಲ್ಲಿ ಎಲೆಕ್ಟ್ರಾನ್ ಬಲಗಡೆ ಇರಬೇಕು, ಕ್ಯಾಥೋಡಿನ ಸಾಲಿನಲ್ಲಿ ಎಡಗಡೆ. ಆಮೇಲೆ ಬಾಣದ ಎರಡೂ ಕಡೆ ಚಾರ್ಜ್ ಕೂಡಿದರೆ ಒಂದೇ ಬರಬೇಕು. ಪರಮಾಣುಗಳನ್ನು ಎಲ್ಲರೂ ಸರಿತೂಗಿಸುತ್ತಾರೆ, ಚಾರ್ಜ್ ಕೂಡುವುದನ್ನು ಮರೆಯುತ್ತಾರೆ. Cu + Ag⁺ → Cu²⁺ + Ag ಅಂತ ಬರೆದವರ ಪೇಪರಿನಲ್ಲಿ ಎಡಗಡೆ +1, ಬಲಗಡೆ +2 ಆಗಿರುತ್ತದೆ. ಪರಮಾಣುಗಳು ಸರಿ ಇರುವುದರಿಂದ ಮೇಲ್ನೋಟಕ್ಕೆ ತಪ್ಪೇ ಕಾಣುವುದಿಲ್ಲ.

ಜಾಸ್ತಿ ಕೆಂಪು ಇಂಕು ಖರ್ಚಾಗುವುದು ಧನ-ಋಣ ಗುರುತಿಸುವಲ್ಲಿ. ಅರ್ಧ ಕ್ರಿಯೆ ಎರಡೂ ಸರಿ, ಬಾಣವೂ ಸರಿ, ಆದರೆ ಬೆಳ್ಳಿಯ ಪಕ್ಕದಲ್ಲಿ ಮೈನಸ್ ಇರುತ್ತದೆ! ಒಬ್ಬ ಹುಡುಗನನ್ನು ಯಾಕೋ ಹೀಗೆ ಅಂತ ಕೇಳಿದೆ. "ಮೇಡಂ, ಕ್ಯಾಥೋಡ್ ಅಂದ್ರೆ ನೆಗೆಟಿವ್ ಅಲ್ವಾ? ಟೆಂತಲ್ಲೇ ಓದಿದ್ದೀವಿ" ಅಂದ. ಅವನು ಓದಿದ್ದು ವಿದ್ಯುದ್ವಿಭಜನೆ. ಅಲ್ಲಿ ಹೊರಗಿನ ಬ್ಯಾಟರಿ ಕ್ಯಾಥೋಡಿಗೆ ಎಲೆಕ್ಟ್ರಾನ್ ತಳ್ಳುತ್ತದೆ, ಹಾಗಾಗಿ ಅದು ಋಣ. ಗ್ಯಾಲ್ವನಿಕ್ ಕೋಶದಲ್ಲಿ ತಳ್ಳುವವರು ಯಾರೂ ಇಲ್ಲ. ತಾಮ್ರ ತಾನೇ ಕರಗುತ್ತಾ ಎಲೆಕ್ಟ್ರಾನುಗಳನ್ನು ತಂತಿಯಲ್ಲೇ ಬಿಟ್ಟು ಹೋಗುತ್ತದೆ, ಆದ್ದರಿಂದ ಆನೋಡ್ ಋಣ. ಬೆಳ್ಳಿಯ ತಂತಿಯಿಂದ ಬೆಳ್ಳಿ ಅಯಾನುಗಳು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ, ಆದ್ದರಿಂದ ಕ್ಯಾಥೋಡ್ ಧನ. ಎರಡೂ ಬಗೆಯ ಕೋಶದಲ್ಲಿ ಬದಲಾಗದೇ ಇರುವುದು ಆನೋಡಿನಲ್ಲಿ ಉತ್ಕರ್ಷಣ, ಕ್ಯಾಥೋಡಿನಲ್ಲಿ ಅಪಕರ್ಷಣ ಅನ್ನುವುದು ಮಾತ್ರ. ಧನ-ಋಣ ಬದಲಾಗುತ್ತದೆ. ಹಾಗಾಗಿ ಹೆಸರು ನೋಡಿ ಚಿಹ್ನೆ ಹಾಕಬೇಡಿ, ಬಾಣ ನೋಡಿ ಹಾಕಿ ಅನ್ನುತ್ತೇನೆ. ಬಾಣ ಹೊರಡುವ ಕಡೆ ಮೈನಸ್, ಅಷ್ಟೇ.

ಅದೇ ಚಿತ್ರದಲ್ಲಿ ಸಾಲ್ಟ್ ಬ್ರಿಡ್ಜ್ ಮೇಲೂ ಕಣ್ಣು ಹಾಯಿಸುತ್ತೇನೆ. ತಾಮ್ರದ ಬೀಕರಿನಲ್ಲಿ ಧನ ಅಯಾನು ಹೆಚ್ಚುತ್ತಾ ಹೋಗುವುದರಿಂದ ಋಣ ಅಯಾನುಗಳು ಆ ಕಡೆ ಹೋಗಬೇಕು. ಬ್ರಿಡ್ಜಿನೊಳಗೆ KCl ಅಂತ ಬರೆದಿದ್ದರೆ ಅಂಕ ಕಳೆಯುವುದಿಲ್ಲ, ಸುಮ್ನೆ ಒಂದು ಸುತ್ತು ಹಾಕಿ KNO₃ ಅಂತ ತಿದ್ದುತ್ತೇನೆ. ಕ್ಲೋರೈಡ್ ಬೆಳ್ಳಿಯ ದ್ರಾವಣ ಮುಟ್ಟಿದರೆ ಬಿಳಿ ಸಿಲ್ವರ್ ಕ್ಲೋರೈಡ್ ಕೆಳಗಿಳಿಯುತ್ತದಲ್ಲ.

ಇನ್ನು ಲೆಕ್ಕ. ಮೊದಲು E° = 0.80 − 0.34 = 0.46 ವೋಲ್ಟ್. ಆಮೇಲೆ ನರ್ನ್‌ಸ್ಟ್ ಸಮೀಕರಣ.

E = 0.46 − (0.0591/2) log ([Cu²⁺]/[Ag⁺]²)

Q = 0.1/(0.01)² = 1000, ಅದರ ಲಾಗ್ 3. ಕಳೆಯಬೇಕಾದ್ದು 0.0887. ಉತ್ತರ 0.371 ವೋಲ್ಟ್.

ಬೇರೆ ಸಂಖ್ಯೆ ಬಂದಿದ್ದರೆ ಆ ಸಂಖ್ಯೆಯೇ ಸುಳಿವು ಕೊಡುತ್ತದೆ. ತಪ್ಪು ಉತ್ತರಗಳನ್ನೆಲ್ಲ ನಾನೇ ಲೆಕ್ಕ ಹಾಕಿ ಪ್ರಶ್ನೆಪತ್ರಿಕೆಯ ಹಿಂದೆ ಬರೆದಿಟ್ಟುಕೊಂಡಿದ್ದೇನೆ. 0.430 ಬಂದಿದ್ದರೆ ಬೆಳ್ಳಿಯ ಸಾಂದ್ರತೆಗೆ ವರ್ಗ ಹಾಕಿಲ್ಲ. 0.549 ಬಂದಿದ್ದರೆ Q ತಲೆಕೆಳಗಾಗಿದೆ, ಇಲ್ಲವೇ ಮೈನಸ್ ಇರಬೇಕಾದಲ್ಲಿ ಪ್ಲಸ್ ಬಿದ್ದಿದೆ. 0.283 ಅಂದರೆ n ಜಾಗದಲ್ಲಿ 2 ಬದಲು 1 ಹಾಕಿದ್ದಾರೆ. 0.256 ಬಂದರೆ ಕ್ಯಾಲ್ಕುಲೇಟರಿನಲ್ಲಿ log ಬದಲು ln ಒತ್ತಿದ್ದಾರೆ. 0.0591 ಅನ್ನುವ ಸಂಖ್ಯೆಯೊಳಗೆ 2.303 ಆಗಲೇ ಸೇರಿಕೊಂಡಿರುತ್ತದೆ, ಮತ್ತೆ ln ತೆಗೆದರೆ ಅದು ಎರಡು ಸಲ ಬಂದ ಹಾಗಾಯಿತು.

ಇವೆಲ್ಲ ಕೈತಪ್ಪಿನವು. 1.171 ಬಂದರೆ ಮಾತ್ರ ಆ ಮಗುವನ್ನು ಕರೆದು ಕೂರಿಸುತ್ತೇನೆ. ಬೆಳ್ಳಿಯ ಅರ್ಧ ಕ್ರಿಯೆಯನ್ನು ಎರಡರಿಂದ ಗುಣಿಸುವಾಗ 0.80 ಅನ್ನೂ ಗುಣಿಸಿ 1.60 ಮಾಡಿ, ಅದರಿಂದ 0.34 ಕಳೆದಿದ್ದಾರೆ ಅಂತ ಅರ್ಥ. ಇದು ಕೈತಪ್ಪಲ್ಲ, ವಿಭವ ಅಂದರೆ ಏನು ಅನ್ನುವುದೇ ತಿಳಿದಿಲ್ಲ. ವೋಲ್ಟ್ ಅಂದರೆ ಒಂದು ಕೂಲಂಬ್ ಚಾರ್ಜಿಗೆ ಸಿಗುವ ಶಕ್ತಿ. ಎರಡು ಪಟ್ಟು ಬೆಳ್ಳಿ ಕ್ರಿಯೆಗೆ ಬಂದರೆ ಶಕ್ತಿಯೂ ಎರಡು ಪಟ್ಟು, ಚಾರ್ಜೂ ಎರಡು ಪಟ್ಟು. ಭಾಗಿಸಿದರೆ ಅದೇ 0.80. ರಿಮೋಟಿಗೆ ಹಾಕುವ ಚಿಕ್ಕ ಸೆಲ್ಲೂ 1.5 ವೋಲ್ಟ್, ಟಾರ್ಚಿನ ದಪ್ಪ ಸೆಲ್ಲೂ 1.5 ವೋಲ್ಟ್, ದಪ್ಪದ್ದು ಹೆಚ್ಚು ಹೊತ್ತು ಉರಿಯುತ್ತದೆ ಅಷ್ಟೇ ಅಂದರೆ ತಲೆ ಆಡಿಸುತ್ತಾರೆ. ಆದರೂ ನಾನು ಬಿಡುವುದಿಲ್ಲ. ಇಡೀ ಸಮೀಕರಣವನ್ನು ಅರ್ಧ ಮಾಡಿ ಮತ್ತೆ ಲೆಕ್ಕ ಹಾಕಲು ಹೇಳುತ್ತೇನೆ. ½Cu + Ag⁺ → ½Cu²⁺ + Ag. ಈಗ n = 1, Q = (0.1)^½/0.01 = 31.6, ಲಾಗ್ 1.5. ಕಳೆಯಬೇಕಾದ್ದು 0.0591 × 1.5, ಮತ್ತೆ ಅದೇ 0.0887. ಹೀಗೆ n = 1 ಇಟ್ಟುಕೊಂಡು ಸರಿ ಉತ್ತರ ತಂದವರ ಪೇಪರೂ ಸಿಗುತ್ತದೆ. n = 1 ಕಂಡ ತಕ್ಷಣ ಹೊಡೆದು ಹಾಕಿದರೆ ಅವರಿಗೆ ಅನ್ಯಾಯವಾಗುತ್ತದೆ. Q ಅದಕ್ಕೆ ಹೊಂದಿಕೊಂಡಿದೆಯಾ ಅಂತ ನೋಡಲೇಬೇಕು.

ಮಕ್ಕಳು ತಮ್ಮ ಉತ್ತರ ತಾವೇ ತಾಳೆ ನೋಡಿಕೊಳ್ಳಲು ಅದೇ ಲೆಕ್ಕವನ್ನು ಇನ್ನೊಂದು ಸಲ ಮಾಡುವುದು ನನಗೆ ಇಷ್ಟವಿಲ್ಲ. ಮೊದಲು ತಪ್ಪಿದ ಜಾಗದಲ್ಲೇ ಮತ್ತೆ ತಪ್ಪುತ್ತಾರೆ. ನಾನು ಹೇಳಿಕೊಡುವುದು ಬೇರೆ ದಾರಿ. ಒಂದೊಂದು ಎಲೆಕ್ಟ್ರೋಡಿನ ವಿಭವವನ್ನೂ ಬೇರೆ ಬೇರೆಯಾಗಿ ತೆಗೆಯಿರಿ. ಬೆಳ್ಳಿಗೆ ಒಂದು ಎಲೆಕ್ಟ್ರಾನ್, ಹಾಗಾಗಿ ಸಾಂದ್ರತೆ ಹತ್ತನೇ ಒಂದು ಭಾಗಕ್ಕೆ ಇಳಿದಾಗಲೆಲ್ಲ ವಿಭವ 0.0591 ಇಳಿಯುತ್ತದೆ. 1 M ಇಂದ 0.01 M ಗೆ ಬರಲು ಎರಡು ಸಲ ಇಳಿಯಬೇಕು: 0.80 − 0.1182 = 0.6818. ತಾಮ್ರಕ್ಕೆ ಎರಡು ಎಲೆಕ್ಟ್ರಾನ್, ಒಂದು ಸಲಕ್ಕೆ 0.0295 ಮಾತ್ರ ಇಳಿತ: 0.34 − 0.0295 = 0.3105. ಕಳೆದರೆ 0.371 ವೋಲ್ಟ್, ಮೂರನೇ ದಶಮಾಂಶಕ್ಕೂ ಕೂಡಿಬಂತು. ಇಲ್ಲಿ Q ಬರೆಯುವುದೇ ಇಲ್ಲ, ವರ್ಗ ಮರೆಯುವ ಪ್ರಶ್ನೆಯೂ ಇಲ್ಲ. ಬೆಳ್ಳಿ ಜಾಸ್ತಿ ಇಳಿಯಿತು, ತಾಮ್ರ ಸ್ವಲ್ಪ ಇಳಿಯಿತು, ಆದ್ದರಿಂದ ಉತ್ತರ 0.46 ಕ್ಕಿಂತ ಕಡಿಮೆಯೇ ಇರಬೇಕು ಅನ್ನುವುದೂ ಕಣ್ಣಿಗೆ ಕಾಣುತ್ತದೆ. 0.549 ಬರೆದವರು ಇಷ್ಟು ನೋಡಿಕೊಂಡಿದ್ದರೆ ಸಾಕಾಗಿತ್ತು.

ಒಂದು ಉತ್ತರ ಮಾತ್ರ ತಿದ್ದುವವರನ್ನು ಯೋಚನೆಗೆ ಹಚ್ಚುತ್ತದೆ: −0.371. ಬೆಳ್ಳಿಯನ್ನು ಆನೋಡ್ ಅಂತ ತೆಗೆದುಕೊಂಡು, ಆಮೇಲೆ ಎಲ್ಲವನ್ನೂ ಅದಕ್ಕೆ ತಕ್ಕ ಹಾಗೆ ಬರೆದವರಿಗೆ ಇದು ಬರುತ್ತದೆ. E° −0.46, Q 1/1000, ಒಂದಕ್ಕೊಂದು ಹೊಂದುತ್ತವೆ. ಲೆಕ್ಕದಲ್ಲಿ ತಪ್ಪಿಲ್ಲ. ಆ ಮೈನಸ್ ಹೇಳುವುದು ಇಷ್ಟೇ: ನೀವು ಬರೆದ ದಿಕ್ಕಿನಲ್ಲಿ ಕ್ರಿಯೆ ತಾನಾಗಿ ನಡೆಯುವುದಿಲ್ಲ, ಹಿಂದೆಮುಂದಾಗಿ ನಡೆಯುತ್ತದೆ. ಅದನ್ನು ಓದಿಕೊಂಡು "ಹಾಗಾದರೆ ತಾಮ್ರವೇ ಆನೋಡ್" ಅಂತ ಕೆಳಗೆ ಒಂದು ಸಾಲು ಬರೆದಿದ್ದರೆ ನಾನು 5 ಕ್ಕೆ 5 ಕೊಡುತ್ತೇನೆ. ಸದ್ದಿಲ್ಲದೆ ಮೈನಸ್ ಅಳಿಸಿ 0.371 ಅಂತ ಬರೆದು, ಚಿತ್ರದಲ್ಲಿ ಬೆಳ್ಳಿಯನ್ನು ಆನೋಡಾಗಿಯೇ ಬಿಟ್ಟಿದ್ದರೆ 2. ಅದಕ್ಕೇ ಸಂಖ್ಯೆಯನ್ನು ಮೊದಲು ನೋಡಬಾರದು ಅನ್ನುವುದು. −0.549 ಬಂದಿದ್ದರೆ E° ಒಂದು ದಿಕ್ಕಿನದು, Q ಇನ್ನೊಂದು ದಿಕ್ಕಿನದು.

ಪೇಪರ್ ವಾಪಸ್ ಕೊಡುವ ದಿನ ಕೋಶವನ್ನೇ ಕಟ್ಟಿ ತೋರಿಸುತ್ತೇನೆ. ನಗರ್ತಪೇಟೆಯಿಂದ ತಂದ ಬೆಳ್ಳಿ ತಂತಿಯ ತುಂಡು ಇದೆ, ಎಸ್.ಪಿ. ರೋಡಿನಲ್ಲಿ ಕೊಂಡ ಡಿಜಿಟಲ್ ಮಲ್ಟಿಮೀಟರ್ ಇದೆ. ಸಿಲ್ವರ್ ನೈಟ್ರೇಟ್ ಬೆರಳಿಗೆ ತಗುಲಿದರೆ ಕಪ್ಪು ಕಲೆ ದಿನಗಟ್ಟಲೆ ಹೋಗುವುದಿಲ್ಲ, ಅದಕ್ಕೆ ಗ್ಲೌಸ್ ಹಾಕಿಸುತ್ತೇನೆ. ಮೀಟರನ್ನು 2 ವೋಲ್ಟ್ ರೇಂಜಿಗೆ ಇಟ್ಟು ಕೆಂಪು ವೈರ್ ಬೆಳ್ಳಿಗೆ, ಕಪ್ಪು ವೈರ್ ತಾಮ್ರಕ್ಕೆ ಹಿಡಿದರೆ 0.371 ರ ಆಸುಪಾಸು ಬರುತ್ತದೆ. ಕೆಲವು ಮಿಲಿವೋಲ್ಟ್ ಅತ್ತಿತ್ತ ಇರುತ್ತದೆ. ದ್ರಾವಣದಲ್ಲಿ ಅಯಾನುಗಳು ಒಂದನ್ನೊಂದು ಎಳೆಯುವುದರಿಂದ ಲೆಕ್ಕಕ್ಕೆ ಸಿಗುವ ಸಾಂದ್ರತೆ ಬಾಟಲಿಯ ಮೇಲೆ ಬರೆದಷ್ಟೇ ಇರುವುದಿಲ್ಲ. ಸಾಲ್ಟ್ ಬ್ರಿಡ್ಜಿನ ತುದಿಗಳಲ್ಲೂ ಒಂದಿಷ್ಟು ವ್ಯತ್ಯಾಸ ಬರುತ್ತದೆ. ಆಮೇಲೆ ವೈರುಗಳನ್ನು ಅದಲುಬದಲು ಮಾಡಿಸುತ್ತೇನೆ. ಸಂಖ್ಯೆ ಅದೇ, ಮುಂದೆ ಮೈನಸ್. ಬೀಕರಿನಲ್ಲಿ ಏನೂ ಬದಲಾಗಿಲ್ಲ, ಕೆಂಪು ವೈರ್ ಈಗ ಆನೋಡಿನ ಮೇಲಿದೆ. "ಮೇಡಂ, ನನ್ನ ಪೇಪರಲ್ಲಿ ಬಂದಿದ್ದೂ ಇದೇ ಅಲ್ವಾ?" ಅಂತ −0.371 ಬರೆದ ಹುಡುಗಿ ಕೇಳಿದಳು. ಅದೇ ಕಣಮ್ಮ, ಕೆಳಗೊಂದು ಸಾಲು ಬರೆದಿದ್ದರೆ ಪೂರ್ತಿ ಅಂಕ ಸಿಗುತ್ತಿತ್ತು ಅಂದೆ.